ಸುಳ್ಳು ಬೈಗುಳಕ್ಕೆ ಸಿಟ್ಟು ಯಾಕೆ ಬರಲ್ಲ

"ಮದುವೆ ಮನೆಯ ಗದ್ದಲದಲ್ಲಿ ಹಾಡಿನ ಮಾತು ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ, ಹಾಗಾಗಿ ಯಾರೂ ಬೇಜಾರಾಗುವುದಿಲ್ಲ."

ಮದ್ವೇಲಿ ಬೀಗರನ್ನ ಬೈದು ಹಾಡಿದ್ರೂ ಅವರು ಸಿಟ್ಟಾಗದೇ ಇರೋದಕ್ಕೆ ಈ ಕಾರಣ ಕೊಟ್ರೆ ನಾನು ಒಪ್ಪಲ್ಲ ಸರ್. ನಮ್ಮ ಮಂಡ್ಯ ಕಡೆ ಬೀಗರನ್ನ ಜರಿಯೋ ಪದ ಶುರುವಾದ್ರೆ ಬೀಗ್ತಿ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರ್ತಾರೆ, ತನ್ನ ಬಗ್ಗೆ ಹಾಡ್ಲಿಲ್ಲ ಅಂದ್ರೇನೆ ಮುನಿಸು. ಬೈಗುಳ ಪೂರಾ ಸುಳ್ಳಾಗಿರುತ್ತಲ್ಲ, ಗುಟ್ಟು ಅಲ್ಲೇ ಇರೋದು. ನನ್ನ ತಂಗಿ ಮದ್ವೇಲಿ ಸೋಬಾನೆ ಹೆಂಗಸರು ಗಂಡಿನ ತಾಯಿ ಒಬ್ಬಟ್ಟನ್ನ ಸೆರಗಲ್ಲಿ ಕಟ್ಕೊಂಡು ಹಿತ್ಲ ಬಾಗ್ಲಲ್ಲಿ ಓಡಿದ್ರು ಅಂತ ಹಾಡಿದ್ರು, ಆಯಮ್ಮ ಶುಗರ್ ಅಂತ ಒಬ್ಬಟ್ಟು ಮುಟ್ಟಿರ್ಲೇ ಇಲ್ಲ, ಬಿದ್ದು ಬಿದ್ದು ನಕ್ಕು ಹಾಡಿದವರಿಗೆ ಎಲೆ ಅಡಿಕೆ ಜೊತೆ 100 ರೂಪಾಯಿ ಕೊಟ್ರು, ಆಮೇಲೆ ಅವರ ಕಡೆಯವರು ನಮ್ಮಮ್ಮನ್ನ ಚೆನ್ನಾಗಿ ಝಾಡಿಸಿದ್ರು. ಅಷ್ಟರಲ್ಲಿ ನಮ್ಮ ಕಡೆ ಹುಡುಗಿ ಒಬ್ಳು ಹುಮ್ಮಸ್ಸಲ್ಲಿ ಗಂಡಿನ ಕಡೆಯವರು ಬೈಕ್ ಕೇಳಿದ್ದನ್ನೂ ಸೇರಿಸಿ ಹಾಡಿಬಿಟ್ಳು. ಅದು ನಿಜ! ಸೊಲ್ಲಿಗೆ ದನಿ ಕೂಡಿಸೋರೇ ಇಲ್ಲ, ಬೀಗರ ಮುಖ ನೋಡ್ಬೇಕಿತ್ತು. ದೊಡ್ಡಮ್ಮ ತಕ್ಷಣ ಅವಳ ಬಾಯಿ ಮುಚ್ಚಿಸಿ ನಮ್ಮ ಸೋದರಮಾವ ಕೋಳಿ ಕದ್ದು ಸಿಕ್ಕಿಬಿದ್ದ ಅಂತ ಪದ ತಿರುಗಿಸಿದ್ರು, ಮಾವ ಪಾಪ ಜನ್ಮದಲ್ಲಿ ಕೋಳಿ ಮುಟ್ಟಿದವರಲ್ಲ, ಇಡೀ ಚಪ್ಪರ ಮತ್ತೆ ನಗ್ತು. ಹಾಡಿ ಪಳಗಿದ ಅಜ್ಜಿಯರು ಸಾಲ, ವರದಕ್ಷಿಣೆ, ಮಕ್ಕಳಾಗದ ಸೊಸೆ ಇಂಥದ್ದನ್ನ ಯಾವತ್ತೂ ಪದಕ್ಕೆ ತರಲ್ಲ, ಕೇಳಿ ನೋಡಿ.