ಸಂತೆಯ ಮುಖಗಳಿಗೆ ಸಹಿ ಬೇಕೇ?

ಜನನಿಬಿಡ ಮಾರುಕಟ್ಟೆ ಮತ್ತು ಬೀದಿಗಳಲ್ಲಿ ಚಿತ್ರೀಕರಣ ನಡೆಸುವಾಗ ಸ್ಥಳದ ಅನುಮತಿಯ ಜೊತೆಗೆ, ಗುರುತು ಸಿಗುವಂತೆ ಕಾಣಿಸಿಕೊಳ್ಳುವವರಿಂದ ಲಿಖಿತ ಒಪ್ಪಿಗೆ ಪಡೆಯುವುದನ್ನು ಕಡ್ಡಾಯಗೊಳಿಸಬೇಕೇ? ಲೊಕೇಷನ್ ಮ್ಯಾನೇಜರ್ ಒಬ್ಬರು ಪರವಾಗಿಯೂ ಸಾಕ್ಷ್ಯಚಿತ್ರಗಳ ಛಾಯಾಗ್ರಾಹಕಿ ಒಬ್ಬರು ವಿರೋಧವಾಗಿಯೂ ಬರೆದಿದ್ದಾರೆ.

ಪರ: ಪಾಲಿಕೆಯ ಪತ್ರದಲ್ಲಿ ಮುಖಗಳು ಸೇರಿಲ್ಲ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಅಂಗಳವನ್ನು ಮೇಲಿನ ಮಹಡಿಯಿಂದ ಬಗ್ಗಿ ನೋಡದ ಛಾಯಾಗ್ರಾಹಕರು ಈ ಊರಿನಲ್ಲಿ ಕಡಿಮೆ. ನಸುಕಿನಲ್ಲಿ ಅಲ್ಲಿ ನಿಂತರೆ ಚೆಂಡುಹೂವಿನ ಹಳದಿ ರಾಶಿ, ಸೇವಂತಿಗೆಯ ಬಿಳಿ ರಾಶಿ ಮತ್ತು ಅವುಗಳ ನಡುವೆ ಅಲುಗಾಡುವ ತಲೆಗಳು ಮಾತ್ರ ಕಾಣುತ್ತವೆ. ಆ ಶಾಟ್‌ಗೆ ಯಾರ ಸಹಿಯೂ ಬೇಕಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ, ಏಕೆಂದರೆ ಅಲ್ಲಿ ಯಾರ ಮುಖವೂ ಇಲ್ಲ. ನನ್ನ ತಕರಾರು ಇರುವುದು ಅದೇ ಕ್ಯಾಮೆರಾ ಮೆಟ್ಟಿಲಿಳಿದು ಬಂದು, ಹೂ ಕಟ್ಟುತ್ತಿರುವವಳ ಎದುರಿಗೆ ಎರಡು ಅಡಿ ದೂರದಲ್ಲಿ ಕುಳಿತ ಮೇಲೆ.

ನಿರ್ಮಾಪಕರು ಪಾಲಿಕೆಯಿಂದ ಬಂದ ಒಂದು ಪತ್ರವನ್ನು ಕೈಯಲ್ಲಿ ಹಿಡಿದ ಕೂಡಲೇ ಮಾರುಕಟ್ಟೆಯೇ ತಮ್ಮದಾಯಿತೆಂದು ತಿಳಿಯುತ್ತಾರೆ. ಆ ಪತ್ರಕ್ಕಾಗಿ ನಾವು ಕಥೆಯ ಸಾರಾಂಶ, ದಿನಾಂಕ ಮತ್ತು ವೇಳೆ, ತಂಡದಲ್ಲಿರುವವರ ಸಂಖ್ಯೆ, ವಾಹನ ಮತ್ತು ಸಲಕರಣೆಗಳ ಪಟ್ಟಿ ಎಲ್ಲವನ್ನೂ ಬರೆದುಕೊಟ್ಟು ಹಣ ಕಟ್ಟುತ್ತೇವೆ. ರಸ್ತೆಯ ಒಂದು ಬದಿಯನ್ನಾದರೂ ತಡೆಯುವುದಿದ್ದರೆ ಸಂಚಾರ ಪೊಲೀಸರ ಬಳಿಗೆ ಬೇರೆಯಾಗಿಯೇ ಹೋಗುತ್ತೇವೆ. ಇದಿಷ್ಟೂ ನೆಲಕ್ಕೆ, ಕಟ್ಟಡಕ್ಕೆ, ದಾರಿಗೆ ಸಂಬಂಧಿಸಿದ್ದು. ಕಟ್ಟಡವೇನೋ ಪಾಲಿಕೆಯದು, ಆದರೆ ಅದರೊಳಗೆ ಕುಳಿತವರ ಮುಖ ಪಾಲಿಕೆಯದಲ್ಲ. ತನ್ನದಲ್ಲದ್ದನ್ನು ಪಾಲಿಕೆ ನಮಗೆ ಹೇಗೆ ಬರೆದುಕೊಟ್ಟೀತು?

ಎಲ್ಲರ ಸಹಿ ಪಡೆಯುವುದು ಅಸಾಧ್ಯವೆನ್ನುವವರಿಗಾಗಿ ಒಂದು ದೃಶ್ಯವನ್ನು ಬಿಡಿಸಿ ತೋರಿಸುತ್ತೇನೆ. ನಾಯಕಿ ನಸುಕಿನಲ್ಲಿ ಬಂದು ಎರಡು ಮಾರು ಕನಕಾಂಬರ ಕೊಳ್ಳುತ್ತಾಳೆ. ಮೇಲಿನಿಂದ ತೆಗೆಯುವ ಮೊದಲ ಶಾಟ್‌ಗೆ ಫಾರ್ಮ್ ಬೇಡ. ಆಕೆ ಜನರ ನಡುವೆ ನಡೆದು ಬರುವ ಎರಡನೆಯ ಶಾಟ್‌ನಲ್ಲಿ ಹತ್ತಾರು ಜನ ಒಂದೊಂದು ಕ್ಷಣ ಹಾದುಹೋಗುತ್ತಾರೆ. ಅವರಿಗಾಗಿ ಒಳಬರುವ ದಾರಿಗಳಲ್ಲಿ "ಇಲ್ಲಿ ಚಿತ್ರೀಕರಣ ನಡೆಯುತ್ತಿದೆ, ಕಾಣಿಸಿಕೊಳ್ಳಲು ಇಷ್ಟವಿಲ್ಲದವರು ಆ ಬದಿಯಿಂದ ಹೋಗಬಹುದು" ಎಂಬ ಫಲಕವನ್ನು ಕನ್ನಡ, ತಮಿಳು, ಉರ್ದು ಮೂರರಲ್ಲಿಯೂ ನಿಲ್ಲಿಸಿ, ಫಲಕ ಅಲ್ಲಿತ್ತೆಂಬುದಕ್ಕೆ ಅದರ ಫೋಟೊವನ್ನು ವೇಳೆ ಸಮೇತ ತೆಗೆದಿಟ್ಟುಕೊಂಡರೆ ಸಾಕು. ಆ ಬದಿಯ ದಾರಿ ನಿಜವಾಗಿಯೂ ತೆರೆದಿರಬೇಕೆಂಬುದು ಮಾತ್ರ ಮರೆಯಬಾರದು. ಮೂರನೆಯ ಶಾಟ್‌ನಲ್ಲಿ ಮಾರುವವಳು ಬೆಲೆ ಹೇಳುತ್ತಾಳೆ, ಅವಳ ಅಕ್ಕಪಕ್ಕ ಕುಳಿತ ಇಬ್ಬರು ಸ್ಪಷ್ಟವಾಗಿ ಕಾಣುತ್ತಾರೆ. ಲೆಕ್ಕ ಹಾಕಿದರೆ ಇಡೀ ದೃಶ್ಯಕ್ಕೆ ಬೇಕಾದದ್ದು ಮೂರು ಸಹಿ. ಅವರಲ್ಲಿ ಯಾರಾದರೂ ಹದಿನೆಂಟು ತುಂಬದವರಾಗಿದ್ದರೆ ತಂದೆಯದೋ ತಾಯಿಯದೋ ಸಹಿ ಬೇಕು. ಅವರು ಅಲ್ಲಿ ಇಲ್ಲದಿದ್ದರೆ ಆ ಮಗುವನ್ನು ಚೌಕಟ್ಟಿನಿಂದ ಹೊರಗಿಡಬೇಕು.

ಫಾರ್ಮ್ ಒಂದೇ ಪುಟದಲ್ಲಿ, ಕನ್ನಡದಲ್ಲಿ ಇರಬೇಕು. ಹೆಸರು, ಚಿತ್ರದ ಹೆಸರು, ಎಲ್ಲೆಲ್ಲಿ ತೋರಿಸುತ್ತೇವೆ, ಜಾಹೀರಾತಿಗೂ ಬಳಸುತ್ತೇವೆಯೇ ಇಲ್ಲವೇ, ಎಷ್ಟು ಹಣ ಕೊಟ್ಟೆವು, ಇಷ್ಟಿದ್ದರೆ ಸಾಕು. ಓದಲು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡಾಗ ಸಾಕ್ಷಿಯ ಸಹಿಯನ್ನು ನಮ್ಮ ತಂಡದವರಿಂದ ಹಾಕಿಸದೆ ಪಕ್ಕದ ಅಂಗಡಿಯವರಿಂದಲೇ ಹಾಕಿಸಬೇಕು. ಸಹಿಯಾದ ಮೇಲೆ ಫಾರ್ಮನ್ನು ಎದೆಯ ಮುಂದೆ ಹಿಡಿಸಿ ಒಂದು ಫೋಟೊ ತೆಗೆದು, ಕಾಗದದ ಹಿಂದೆ ಶಾಟ್ ಸಂಖ್ಯೆಯನ್ನು ಬರೆಯುತ್ತೇನೆ. ಇಲ್ಲವಾದರೆ ತಿಂಗಳುಗಳ ಮೇಲೆ ಸಂಕಲನದ ಕೋಣೆಯಲ್ಲಿ ಹೆಸರುಗಳ ಒಂದು ಕಟ್ಟು ಇರುತ್ತದೆ, ಮುಖಗಳ ಒಂದು ಸಾಲು ಇರುತ್ತದೆ, ಯಾವ ಹೆಸರು ಯಾವ ಮುಖದ್ದೆಂದು ಹೇಳುವವರು ಇರುವುದಿಲ್ಲ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಸಾಕ್ಷ್ಯಚಿತ್ರಕ್ಕಾಗಿ ಇದೇ ಮಾರುಕಟ್ಟೆಯಲ್ಲಿ ಎರಡು ದಿನ ಚಿತ್ರೀಕರಿಸಿದೆವು. ಹೂವಿನ ಗೋಣಿಚೀಲವನ್ನು ತಲೆಯ ಮೇಲಿಟ್ಟುಕೊಂಡ ಹಮಾಲಿಯೊಬ್ಬರು ಒದ್ದೆ ಮೆಟ್ಟಿಲುಗಳನ್ನು ಹತ್ತಿ ಬಂದು, ಕ್ಯಾಮೆರಾವನ್ನು ಕಂಡು ಕ್ಷಣಹೊತ್ತು ನಿಂತು, ಮುಂದಕ್ಕೆ ಹೋಗುವ ಹನ್ನೊಂದು ಸೆಕೆಂಡುಗಳ ಶಾಟ್ ನಮ್ಮ ಚಿತ್ರದ ಆರಂಭವಾಯಿತು. ಸಹಿ ಪಡೆಯಲಿಲ್ಲ, ಆಗ ನಾನೇ ಬೇಡವೆಂದಿದ್ದೆ. ಎಂಟು ತಿಂಗಳಾದ ಮೇಲೆ ಚಿತ್ರವನ್ನು ಕೊಳ್ಳಲು ಮುಂದಾದ ಸಂಸ್ಥೆಯ ವಕೀಲರು ಗುರುತು ಸಿಗುವ ಪ್ರತಿಯೊಂದು ಮುಖಕ್ಕೂ ಒಪ್ಪಿಗೆ ಪತ್ರ ಕೇಳಿದರು. ಆ ಶಾಟ್‌ನ ಒಂದು ಚೌಕಟ್ಟನ್ನು ಮುದ್ರಿಸಿಕೊಂಡು ನಾಲ್ಕು ಬೆಳಗಿನ ಜಾವ ಮಾರುಕಟ್ಟೆಯಲ್ಲಿ ಅಲೆದೆ. ಕೈಯಲ್ಲಿ ಫೋಟೊ ಹಿಡಿದು ಮನುಷ್ಯನನ್ನು ಹುಡುಕುವವನು ಪೊಲೀಸನಲ್ಲದೆ ಬೇರೆ ಯಾರಿರಬಹುದು? ಗುರುತಿದ್ದವರೂ ಗುರುತಿಲ್ಲವೆಂದರು. ನಾಲ್ಕನೆಯ ದಿನ ಚಹಾದವರೊಬ್ಬರು ಕನಿಕರಿಸಿ ತೋರಿಸಿದರು. ಆತ ಫೋಟೊವನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಸ್ವಾಮಿ, ಆದರೆ ಬೇಡ. ಮಗಳ ಬೀಗರಿಗೆ ನಾನು ಮಂಡೀಲಿ ಲೆಕ್ಕ ಬರೀತೀನಿ ಅಂತ ಹೇಳಿದ್ದೀವಿ" ಎಂದರು. ಹಣದ ಮಾತೆತ್ತಲು ನನಗೆ ನಾಲಿಗೆ ಬರಲಿಲ್ಲ. ಆರಂಭದ ಶಾಟ್ ಹೋಯಿತು, ಅದಕ್ಕೆಂದೇ ಹೊಂದಿಸಿದ್ದ ಸಂಗೀತವೂ ಹೋಯಿತು, ನಿರ್ದೇಶಕರು ನನ್ನೊಡನೆ ಮಾತು ಬಿಟ್ಟರು. ಅಂದು ಮೆಟ್ಟಿಲ ಮೇಲೆಯೇ ಕೇಳಿದ್ದರೆ ಆತ ಅಲ್ಲೇ ಬೇಡವೆನ್ನುತ್ತಿದ್ದರು, ನಾವು ಇನ್ನೊಬ್ಬರನ್ನು ಕೇಳುತ್ತಿದ್ದೆವು.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರಲ್ಲಿ ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಬೀದಿಗೆ ಬಂದವರು ಆ ಹಕ್ಕನ್ನು ಮನೆಯಲ್ಲಿಟ್ಟು ಬಂದಿರುತ್ತಾರೆಂದು ಯಾರೂ ಹೇಳಲಾರರು. ಫಾರ್ಮ್ ಕಂಡರೆ ಜನ ಹೆದರುತ್ತಾರೆಂಬ ಮಾತನ್ನು ಬಹಳ ಕೇಳಿದ್ದೇನೆ; ಅದನ್ನು ಹೇಳುವವರು ಸಾಮಾನ್ಯವಾಗಿ ಐದು ಗಂಟೆಯ ಕಾಲ್‌ಶೀಟಿಗೆ ಏಳಕ್ಕೆ ಬರುವವರು.

ವಿರೋಧ: ಕಡ್ಡಾಯವೆಂಬ ಮಾತೊಂದು ಬೇಡ

ಸಂಪಾದಕರು ನನಗೆ ವಿರೋಧದ ಪಕ್ಷವನ್ನು ವಹಿಸಿದ್ದಾರೆ. ನನ್ನ ಕ್ಯಾಮೆರಾ ಚೀಲದಲ್ಲಿಯೂ ಫಾರ್ಮುಗಳ ಒಂದು ಕಟ್ಟು ಇರುತ್ತದೆಂಬುದನ್ನು ಮುಚ್ಚಿಡದೆ, ಒಪ್ಪಿಸಿದ ಕೆಲಸವನ್ನು ಮಾಡುತ್ತೇನೆ.

ಮಾರುಕಟ್ಟೆಯೊಂದಕ್ಕೆ ನಾನೂರು ಫಾರ್ಮ್ ಹೊತ್ತು ಹೋಗಬೇಕೆನ್ನುವವರಿಗೆ ಕಾನೂನನ್ನೇ ತೋರಿಸಬೇಕಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಕಲಾಕೃತಿ ಸಿನಿಮಾದಲ್ಲಿ ಕಾಣಿಸಿಕೊಂಡರೆ, ಅಥವಾ ಯಾವುದೇ ಕಲಾಕೃತಿ ಹಿನ್ನೆಲೆಯಲ್ಲಿ ಪ್ರಾಸಂಗಿಕವಾಗಿ ಬಂದುಹೋದರೆ, ಅದನ್ನು ಹಕ್ಕಿನ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಗೋಡೆಯ ಮೇಲಿನ ಚಿತ್ರಕ್ಕೆ ಕಾನೂನು ತೋರುವ ಈ ಉದಾರತೆಯನ್ನು ಗೋಡೆಯ ಮುಂದೆ ನಿಂತ ಮನುಷ್ಯನ ವಿಷಯದಲ್ಲಿ ನಾವೇಕೆ ತೋರಬಾರದು? (ಗೋಡೆಗೆ ಬೀಗರಿರುವುದಿಲ್ಲವೆಂದು ನನ್ನ ಎದುರಾಳಿ ಹೇಳಬಹುದು. ಹೇಳಲಿ.) ನಿಜವಾಗಿ ತೊಡಕು ತರುವುದು ಮುಖಕ್ಕಿಂತ ಹೆಚ್ಚಾಗಿ ಅಂಗಡಿಯ ಸ್ಪೀಕರಿನಲ್ಲಿ ಮೊಳಗುವ ಸಿನಿಮಾ ಹಾಡು. ಕಾಯ್ದೆಯ ಆ ವಿನಾಯಿತಿ ಕಲಾಕೃತಿಗೆ ಮಾತ್ರ, ಸಂಗೀತಕ್ಕಿಲ್ಲ. ಅಂಗಡಿಯವರ ಸಹಿ ಇದ್ದರೂ ಹಾಡು ಅವರದಲ್ಲ. ಅದನ್ನು ನಿಲ್ಲಿಸಲು ವಿನಂತಿಸಿ, ಮಾರುಕಟ್ಟೆಯ ಸದ್ದನ್ನು ಬೇರೆಯಾಗಿ ಧ್ವನಿಮುದ್ರಿಸಿಕೊಳ್ಳುವುದೊಂದೇ ದಾರಿ. ಫಾರ್ಮುಗಳ ಪಟ್ಟಿ ಹಿಡಿದವರು ಇದನ್ನು ಮರೆಯುವುದನ್ನು ಕಂಡಿದ್ದೇನೆ.

ಭಯದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಮೇಲೆ, ಕಟ್ಟಡವನ್ನು ಕೆಡವಬೇಕೋ ಉಳಿಸಬೇಕೋ ಎಂಬ ವಿವಾದ ವರ್ಷಗಟ್ಟಲೆ ನಡೆಯಿತು. ಅಂಥ ಕಟ್ಟಡದಲ್ಲಿ ವ್ಯಾಪಾರ ಮಾಡುವವರಿಗೆ, ಹೆಸರು ಮತ್ತು ಅಂಗಡಿಯ ಸಂಖ್ಯೆ ಬರೆಯಿಸಿಕೊಂಡು ಸಹಿ ಕೇಳುವ ಅಪರಿಚಿತರು ಏನಾಗಿ ಕಾಣುತ್ತಾರೆ? ಅಲ್ಲಿ ವೀಳ್ಯದೆಲೆ ಮಾರುವ ಹಿರಿಯರೊಬ್ಬರು ಅರ್ಧ ಗಂಟೆ ನನ್ನ ಕ್ಯಾಮೆರಾದ ಎದುರಿಗೆ ನಗುನಗುತ್ತಾ ಎಲೆ ಎಣಿಸಿದ್ದರು. ಫಾರ್ಮ್ ಹೊರತೆಗೆದೊಡನೆ ಎಣಿಕೆ ನಿಂತಿತು. "ಇದು ಖಾಲಿ ಮಾಡ್ಸೋ ಕಾಗದ ಅಲ್ಲ ತಾನೇ ಮಗಳೇ?" ಎಂದು ಕೇಳಿ, ಪಕ್ಕದವರನ್ನು ಕರೆದು ಓದಿಸಿ, ಕೊನೆಗೆ ಸಹಿಯನ್ನೂ ಹಾಕಿದರು, ಆದರೆ ಆಮೇಲೆ ತೆಗೆದ ಯಾವ ಶಾಟ್‌ನಲ್ಲಿಯೂ ಅವರ ಕೈಗಳು ಮೊದಲಿನಂತೆ ಇರಲಿಲ್ಲ. ಬೀದಿಬದಿಯ ವ್ಯಾಪಾರಿಗಳ ಸ್ಥಿತಿ ಇನ್ನೂ ಸೂಕ್ಷ್ಮ. 2014ರ ಕಾಯ್ದೆಯಂತೆ ವ್ಯಾಪಾರದ ಪ್ರಮಾಣಪತ್ರ ಇಲ್ಲದವರು ತಾವು ಯಾವ ಜಾಗದಲ್ಲಿ ಕೂರುತ್ತೇವೆಂಬುದನ್ನು ಲಿಖಿತವಾಗಿ ಕೊಡಲು ಹಿಂಜರಿದರೆ ಆಶ್ಚರ್ಯವಿಲ್ಲ.

ನಾನು ಕಂಡುಕೊಂಡ ಮಧ್ಯದ ದಾರಿ ಮಾತಿನ ಒಪ್ಪಿಗೆ. ಕ್ಯಾಮೆರಾ ಓಡುತ್ತಿರುವಾಗಲೇ ಚಿತ್ರ ಯಾವುದು, ಎಲ್ಲಿ ತೋರಿಸುತ್ತೇವೆ ಎಂದು ಹೇಳಿ, ಅವರ ಬಾಯಲ್ಲೇ "ಆಗಲಿ" ಎನ್ನಿಸಿಕೊಳ್ಳುತ್ತೇನೆ. ವಿಳಾಸ ಬೇಡ, ಅಂಗಡಿ ಸಂಖ್ಯೆ ಬೇಡ, ಮುಖ ಮತ್ತು ಮಾತು ಒಂದೇ ಕಡೆ ಉಳಿಯುತ್ತವೆ. ಚಿತ್ರವನ್ನು ಕೊಳ್ಳುವವರಲ್ಲಿ ಕೆಲವರು ಇದನ್ನು ಒಪ್ಪುತ್ತಾರೆ, ಕೆಲವರು ಕಾಗದವೇ ಬೇಕೆನ್ನುತ್ತಾರೆ. ಜಾಹೀರಾತಿಗಾದರೆ ನಾನೂ ಕಾಗದವಿಲ್ಲದೆ ಕ್ಯಾಮೆರಾ ತೆರೆಯುವುದಿಲ್ಲ.

ಹಮಾಲಿಯ ಕಥೆಗೆ ಉತ್ತರ ಕೊಡಬೇಕೆಂದು ಸಂಪಾದಕರು ಎರಡು ಬಾರಿ ನೆನಪಿಸಿದರು. ಅದು ಕೇಳುವ ಸೌಜನ್ಯದ ಪ್ರಶ್ನೆ, ಕಾಗದದ ಪ್ರಶ್ನೆಯಲ್ಲ ಎಂದಷ್ಟೇ ಹೇಳಬಲ್ಲೆ. ಎಲೆ ಮಾರುವ ಆ ಹಿರಿಯರ ಫಾರ್ಮ್ ಇನ್ನೂ ನನ್ನ ಕಡತದಲ್ಲಿದೆ. ಚಿತ್ರದಲ್ಲಿ ಉಳಿದಿರುವುದು ಸಹಿಗಿಂತ ಮೊದಲು ತೆಗೆದ ಶಾಟ್.