33 ಗುಣಕ್ಕೆ ಇಸವಿ ಗೊತ್ತಿಲ್ಲ

ನಿನ್ನೆ ಚಿಕ್ಕಮ್ಮನ ಮನೆಯಿಂದ ಬಂದವಳು ರಾತ್ರಿಯಿಡೀ ಹೊರಳಾಡಿದ್ದೇನೆ. ಬೆಳಗ್ಗೆ ಕಾಫಿ ಕೂಡ ಸರಿ ಹೋಗಲಿಲ್ಲ. ಇಲ್ಲಿ ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಉದ್ದ ಆದರೆ ಬೈಯಬೇಡಿ.

ವಿಷಯ ಇಷ್ಟು. ಚಿಕ್ಕಮ್ಮನ ಮಗಳಿಗೆ ಒಂದು ಸಂಬಂಧ ಬಂದಿದೆ. ಅವಳಿಗೆ 27, ಹುಡುಗನಿಗೆ 41. ಹುಡುಗ ಅನ್ನೋಕೆ ಬಾಯಿ ಬರುತ್ತಿಲ್ಲ, ಆದರೂ ಗಂಡಿನ ಕಡೆಯವರು ಹಾಗೇ ಅನ್ನುತ್ತಾರೆ. ಒಳ್ಳೆಯ ಮನೆ, ಒಳ್ಳೆಯ ಕೆಲಸ. ಹದಿನಾಲ್ಕು ವರ್ಷದ ಅಂತರ ಜಾಸ್ತಿ ಆಯ್ತಲ್ವಾ ಅಂತ ಎಲ್ಲರ ಮನಸ್ಸಿನಲ್ಲೂ ಇತ್ತು. ಯಾರೂ ಬಾಯಿ ಬಿಡಲಿಲ್ಲ. ಸಾಲಾವಳಿ ನೋಡಿಸೋಣ, ಅದು ಹೇಳಿದ ಹಾಗೆ ಆಗಲಿ ಅಂದರು.

ನೋಡಿಸಿದರು. 36ಕ್ಕೆ 33.

ಜ್ಯೋತಿಷಿಗಳು ಕನ್ನಡಕ ತೆಗೆದು, ಇಂಥ ಸಾಲಾವಳಿ ವರ್ಷಕ್ಕೆ ಎರಡು ಬಂದರೆ ಹೆಚ್ಚು ಅಂದರಂತೆ. ಚಿಕ್ಕಪ್ಪ ಮೆಲ್ಲಗೆ ವಯಸ್ಸಿನ ಮಾತು ತೆಗೆದದ್ದಕ್ಕೆ, "ವಯಸ್ಸು ನಮ್ಮ ಲೆಕ್ಕ ಸ್ವಾಮಿ, ನಕ್ಷತ್ರಕ್ಕೆ ವಯಸ್ಸಿಲ್ಲ" ಅಂದರಂತೆ. ಮನೆಯಲ್ಲಿ ಎಲ್ಲರೂ ಈ ಮಾತನ್ನು ಗಾದೆಯ ಥರ ಹೇಳಿಕೊಂಡು ಓಡಾಡುತ್ತಿದ್ದಾರೆ. ನನಗೆ ಮೈ ಉರಿಯೋದು ಇಲ್ಲೇ. ಆ ಮಾತು ಅಕ್ಷರಶಃ ಸತ್ಯ. ಗುಣ ಕೂಡಿಸುವಾಗ ವಯಸ್ಸು ಒಳಗೆ ಬರೋದೇ ಇಲ್ಲ. ಹಾಗಿದ್ದ ಮೇಲೆ ವಯಸ್ಸಿನ ಪ್ರಶ್ನೆಗೆ ಆ ಅಂಕಿಯನ್ನು ಉತ್ತರವಾಗಿ ಕೊಡೋದು ಹೇಗೆ?

ನನ್ನ ಅಜ್ಜ ಪಂಚಾಂಗ ಹಿಡಿದೇ ಜೀವನ ಮಾಡಿದವರು ಅಂತ ಇಲ್ಲಿರುವ ಹಳಬರಿಗೆ ಗೊತ್ತು. ನಾನು ಆ ದಾರಿ ಹಿಡಿಯಲಿಲ್ಲ. ಆದರೆ ಅವರ ಪಕ್ಕ ಕೂತು ದಶೆಯ ವರ್ಷ ಕೂಡಿ ಕಳೆದ ಅಭ್ಯಾಸ ಬೆರಳಿನಲ್ಲಿ ಉಳಿದಿದೆ. ಹಾಗಾಗಿ ಸಾಲಾವಳಿ ಹಾಳೆ ಕೇಳಿ ತೆಗೆದುಕೊಂಡೆ.

ಹುಡುಗಿ ಮೃಗಶಿರಾ ಮೂರನೇ ಪಾದ, ಮಿಥುನ ರಾಶಿ. ಹುಡುಗ ಹಸ್ತ ಒಂದನೇ ಪಾದ, ಕನ್ಯಾ ರಾಶಿ. ಎರಡೂ ರಾಶಿಗೆ ಬುಧನೇ ಒಡೆಯ, ಗ್ರಹಮೈತ್ರಿಗೆ ಪೂರ್ತಿ 5. ಇಬ್ಬರೂ ದೇವಗಣ, 6. ರಾಶಿ ಕೂಟಕ್ಕೆ 7. ನಾಡಿ ಬೇರೆ ಬೇರೆ, 8. ವರ್ಣ, ವಶ್ಯ, ತಾರೆ ಸೇರಿ ಇನ್ನೊಂದು 6. ಯೋನಿಯಲ್ಲಿ ಮಾತ್ರ ಅವಳದು ಸರ್ಪ, ಅವರದು ಮಹಿಷ, 4ಕ್ಕೆ 1. ಒಟ್ಟು 33. ಲೆಕ್ಕ ತಪ್ಪಿಲ್ಲ, ಜ್ಯೋತಿಷಿಗಳು ಮೋಸ ಮಾಡಿಲ್ಲ.

ಆದರೆ ಈ ಎಂಟು ಕೂಟಕ್ಕೂ ಬೇಕಾದದ್ದು ಏನು? ಹುಟ್ಟಿದಾಗ ಚಂದ್ರ ಯಾವ ನಕ್ಷತ್ರದಲ್ಲಿದ್ದ, ಯಾವ ರಾಶಿಯಲ್ಲಿದ್ದ, ಅಷ್ಟೇ. ಚಂದ್ರ ಇಪ್ಪತ್ತೇಳು ಚಿಲ್ಲರೆ ದಿನಕ್ಕೆ ಒಂದು ಸುತ್ತು ಮುಗಿಸಿ ಅದೇ ನಕ್ಷತ್ರಕ್ಕೆ ವಾಪಸ್ ಬರುತ್ತಾನೆ. ಈ ಹುಡುಗ 1984ರಲ್ಲಿ ಹುಟ್ಟಿದರೂ 33, 1994ರಲ್ಲಿ ಹುಟ್ಟಿದ್ದರೂ 33, ನಮ್ಮ ಅಜ್ಜನ ಜೊತೆ ಶಾಲೆಗೆ ಹೋಗಿದ್ದರೂ 33. ಪಂಚಾಂಗದ ಸಾಲಾವಳಿ ಕೋಷ್ಟಕದಲ್ಲಿ ಇಸವಿ ಬರೆಯುವ ಜಾಗವೇ ಇಲ್ಲ.

ದಶಕೂಟದಲ್ಲಿ ಸ್ತ್ರೀದೀರ್ಘ ಅಂತ ಒಂದಿದೆಯಲ್ಲ, ಅದರಲ್ಲಿ ವಯಸ್ಸು ಬಂತು ಅಂತ ನಮ್ಮ ಸೋದರಮಾವ ವಾದಿಸಿದರು. ಬರಲಿಲ್ಲ ಮಾವ. ಅದು ಹುಡುಗಿಯ ನಕ್ಷತ್ರದಿಂದ ಹುಡುಗನ ನಕ್ಷತ್ರ ಎಷ್ಟು ದೂರ ಅನ್ನುವ ಎಣಿಕೆ. ದೂರ ಅಂದರೆ ಆಕಾಶದಲ್ಲಿ, ಆಧಾರ್ ಕಾರ್ಡಿನಲ್ಲಿ ಅಲ್ಲ.

ಹಾಗಾದರೆ ಜಾತಕಕ್ಕೆ ವಯಸ್ಸು ಗೊತ್ತೇ ಇಲ್ಲವಾ? ಗೊತ್ತಿದೆ ಸ್ವಾಮಿ. ಅದೇ ಹಾಳೆಗಳ ಕಟ್ಟಿನಲ್ಲಿ ಆರನೇ ಪುಟದಲ್ಲಿದೆ. ಮೊದಲ ಪುಟದಲ್ಲಿ 33 ಅಂತ ದಪ್ಪಕ್ಷರದಲ್ಲಿ ಕಂಡ ಮೇಲೆ ಆರನೇ ಪುಟ ಯಾರು ತಿರುಗಿಸುತ್ತಾರೆ?

ಆರನೇ ಪುಟ ಅಂದರೆ ದಶಾಪಟ್ಟಿ. ವಿಂಶೋತ್ತರಿಯಲ್ಲಿ ಒಂಬತ್ತು ಗ್ರಹಕ್ಕೆ ಒಟ್ಟು 120 ವರ್ಷ ಹಂಚಿದ್ದಾರೆ. ಹುಟ್ಟಿದಾಗ ಚಂದ್ರ ತನ್ನ ನಕ್ಷತ್ರದಲ್ಲಿ ಎಷ್ಟು ದಾಟಿದ್ದ ಅನ್ನುವುದರ ಮೇಲೆ ಮೊದಲ ದಶೆಯಲ್ಲಿ ಎಷ್ಟು ಬಾಕಿ ಅಂತ ಸಿಗುತ್ತದೆ. ಮುಂದಿನದೆಲ್ಲ ಸರದಿ ಪ್ರಕಾರ. ಇಲ್ಲಿ ಹುಟ್ಟಿದ ವರ್ಷ ಬೇಕೇ ಬೇಕು, ಯಾಕೆಂದರೆ ದಶೆ ಬದಲಾಗುವುದು ಕ್ಯಾಲೆಂಡರಿನಲ್ಲಿ. ವಯಸ್ಸಿನ ಅಂತರ ಬದಲಾದರೆ ಎರಡು ಪಟ್ಟಿಗಳು ಒಂದರ ಪಕ್ಕ ಒಂದು ಜಾರುತ್ತವೆ. ಕೂಟ ಮಾತ್ರ ಇದ್ದಲ್ಲೇ ಕೂತಿರುತ್ತದೆ.

ಎರಡು ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟೆ. ಹುಡುಗಿ 1998ರವಳು. ಮೃಗಶಿರಾ ಆದ್ದರಿಂದ ಮೊದಲು ಕುಜ, ಹುಟ್ಟಿದಾಗ 7ರಲ್ಲಿ 2 ವರ್ಷ ಬಾಕಿ. ಆಮೇಲೆ ರಾಹು 18, ಇಪ್ಪತ್ತಕ್ಕೆ ಮುಗೀತು. ಆಮೇಲೆ ಗುರು 16, ಮೂವತ್ತಾರಕ್ಕೆ ಮುಗಿಯುತ್ತದೆ. ಹುಡುಗ 1984ರವರು. ಹಸ್ತಕ್ಕೆ ಮೊದಲು ಚಂದ್ರ, 10ರಲ್ಲಿ 9 ವರ್ಷ ಬಾಕಿ. ಕುಜ ಹದಿನಾರಕ್ಕೆ ಮುಗೀತು, ರಾಹು ಮೂವತ್ತನಾಲ್ಕಕ್ಕೆ, ಗುರು ಐವತ್ತಕ್ಕೆ. ಈಗ ಇಸವಿ ಹಾಕಿ ನೋಡಿ. ಅವಳ 36 ಅಂದರೆ 2034. ಅವರ 50 ಅಂದರೂ 2034. ಮೂರು ತಿಂಗಳ ಒಳಗೆ ಇಬ್ಬರಿಗೂ ಗುರು ದಶೆ ಮುಗಿದು ಶನಿ ದಶೆ ಶುರು. ಹತ್ತೊಂಬತ್ತು ವರ್ಷ, ಒಂದೇ ಮನೆಯಲ್ಲಿ, ಒಟ್ಟೊಟ್ಟಿಗೆ.

ಇದಕ್ಕೆ ದಶಾಸಂಧಿ ಅನ್ನುತ್ತಾರೆ. ಇಬ್ಬರ ಮಹಾದಶೆಯೂ ಒಂದೇ ಹೊತ್ತಿಗೆ ಮಗುಚಿದರೆ ಒಬ್ಬರು ಬಿದ್ದಾಗ ಎತ್ತಲು ಇನ್ನೊಬ್ಬರು ನಿಂತಿರುವುದಿಲ್ಲ ಅನ್ನೋದು ಹಿರಿಯರ ತರ್ಕ. ಎಷ್ಟು ತಿಂಗಳ ಒಳಗಿದ್ದರೆ ಸಂಧಿ ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಜ್ಜ ಆರು ತಿಂಗಳು ಹಿಡಿಯುತ್ತಿದ್ದರು. ಮೂರು ತಿಂಗಳು ಅಂದರೆ ಯಾರ ಲೆಕ್ಕದಲ್ಲೂ ತಪ್ಪಿಸಿಕೊಳ್ಳೋದಿಲ್ಲ. ಇದೇ ನಕ್ಷತ್ರ, ಇದೇ ಪಾದದ ಹುಡುಗ ಅವಳಿಗಿಂತ ನಾಲ್ಕೇ ವರ್ಷ ದೊಡ್ಡವನಾಗಿದ್ದರೆ ಅವನ ಶನಿ ದಶೆ 2044ಕ್ಕೆ. ಅವಳದಕ್ಕೂ ಅವನದಕ್ಕೂ ಹತ್ತು ವರ್ಷ ಅಂತರ. ಸಂಧಿಯ ಮಾತೇ ಇಲ್ಲ. ಗುಣ? ಅದೇ 33.

ಇನ್ನೂ ಇದೆ. ಶನಿ ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುತ್ತಾನೆ. ಹದಿನಾಲ್ಕು ವರ್ಷದ ಅಂತರ ಅಂದರೆ ಹೆಚ್ಚು ಕಡಿಮೆ ಅರ್ಧ ಸುತ್ತು, ಎದುರು ಮನೆ. 1984ರವರ ಜಾತಕದಲ್ಲಿ ಶನಿ ತುಲೆಯಲ್ಲಿ, ಉಚ್ಚ. 1998ರವಳ ಜಾತಕದಲ್ಲಿ ಮೇಷದಲ್ಲಿ, ನೀಚ. ಅವರದು ತುಲಾ ಲಗ್ನವಂತೆ. ತುಲೆಗೆ ಶನಿ ನಾಲ್ಕು, ಐದನೇ ಮನೆಯ ಒಡೆಯ, ಯೋಗಕಾರಕ, ಅದೂ ಲಗ್ನದಲ್ಲೇ ಉಚ್ಚನಾಗಿ ಕೂತಿದ್ದಾನೆ. ಅವಳದು ಕರ್ಕಾಟಕ ಲಗ್ನ. ಅವಳಿಗೆ ಅದೇ ಶನಿ ಏಳು, ಎಂಟನೇ ಮನೆಯ ಒಡೆಯ. ಏಳು ಅಂದರೆ ಮದುವೆ, ಎಂಟು ಅಂದರೆ ಮಾಂಗಲ್ಯ. ಅಂದರೆ ಶಾಸ್ತ್ರದ ಮಾತಿನಲ್ಲೇ ಹೇಳುವುದಾದರೆ, 2034ರಿಂದ ಅವರು ಏರುತ್ತಾರೆ, ಅವಳು ಅದರ ಭಾರ ಹೊರುತ್ತಾಳೆ. ದಶೆ ಒಂದೇ, ಫಲ ಎರಡು.

ಅವಳ ನೀಚ ಶನಿಗೆ ಬೇರೆ ಕಡೆಯಿಂದ ಬಲ ಇರಬಹುದು, ನವಾಂಶ ನೋಡಬೇಕು. ಅದನ್ನೆಲ್ಲ ನೋಡಿದ ಮೇಲೆ ಪರವಾಗಿಲ್ಲ ಅನ್ನಬಹುದು. ನಾನು ಈ ಸಂಬಂಧ ಕೆಟ್ಟದ್ದು ಅನ್ನುತ್ತಿಲ್ಲ. ನೋಡಿಲ್ಲ ಅನ್ನುತ್ತಿದ್ದೇನೆ. ವಯಸ್ಸಿನ ಅಂತರ ಇಷ್ಟು ದೊಡ್ಡದಿದ್ದಾಗ ನೋಡಲೇಬೇಕಾದ ಪುಟವನ್ನೇ ತಿರುಗಿಸಿಲ್ಲ.

ಹಿಂದಿನ ಕಾಲದಲ್ಲಿ ಹದಿನೈದು ವರ್ಷದ ಅಂತರ ಮಾಮೂಲಾಗಿತ್ತು, ಅವರೆಲ್ಲ ಬಾಳಲಿಲ್ಲವಾ ಅಂತ ಯಾರೋ ಕೇಳೇ ಕೇಳುತ್ತೀರಿ. ಬಾಳಿದರು. ನಮ್ಮ ದೊಡ್ಡಜ್ಜಿಯೂ ಬಾಳಿದರು. ಮೂವತ್ತೆಂಟಕ್ಕೆ ಕೆಂಪು ಸೀರೆ ಉಟ್ಟು ಮೂಲೆಯಲ್ಲಿ ಕೂತವರು ಎಂಬತ್ತರವರೆಗೆ ಬಾಳಿದರು. ಇನ್ನೊಂದು ವಾದ ಸ್ವಲ್ಪ ಮರ್ಯಾದೆಯದ್ದು. ವಯಸ್ಸನ್ನು ಮನೆಯವರು ಮೊದಲೇ ನೋಡಿಕೊಂಡು ಬರುತ್ತಾರೆ, ಅದಕ್ಕೇ ಕೂಟದಲ್ಲಿ ಅದನ್ನು ಇಟ್ಟಿಲ್ಲ ಅಂತ. ಒಪ್ಪಿದೆ. ಆದರೆ ಇಲ್ಲಿ ಮನೆಯವರು ಜ್ಯೋತಿಷಿ ನೋಡುತ್ತಾರೆ ಅಂತ ಸುಮ್ಮನಿದ್ದಾರೆ, ಜ್ಯೋತಿಷಿ ಮನೆಯವರು ನೋಡಿರುತ್ತಾರೆ ಅಂತ ಸುಮ್ಮನಿದ್ದಾರೆ. ಯಾರೂ ನೋಡದ ಒಂದು ವಿಷಯ ಇಬ್ಬರೂ ನೋಡಿದ ಹಾಗೆ ದಾಟಿ ಹೋಗುತ್ತಿದೆ.

ಕೂಟಕ್ಕಿಂತ ಮೊದಲು ಆಯುಷ್ಯ ನೋಡಬೇಕು ಅನ್ನುವ ನಿಯಮವೂ ಇದೆ. ಅಲ್ಪಾಯು, ಮಧ್ಯಾಯು, ಪೂರ್ಣಾಯು ಅಂತ. ಅಜ್ಜ ಅದನ್ನು ನೋಡುತ್ತಿದ್ದರು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬೇಡ ಅನ್ನಿಸಿದರೆ "ಇನ್ನೊಂದು ಜಾತಕ ತನ್ನಿ" ಅನ್ನುವರು, ಅಷ್ಟೇ. ಇಬ್ಬರೂ ಎಪ್ಪತ್ತೈದು ಬದುಕಿದರು ಅಂತಲೇ ಇಟ್ಟುಕೊಳ್ಳಿ. ಕೊನೆಯ ಹದಿನಾಲ್ಕು ವರ್ಷ ಅವಳು ಒಬ್ಬಳೇ. ಇದಕ್ಕೆ ಜಾತಕವೂ ಬೇಡ, ಮಗ್ಗಿಯೂ ಬೇಡ.

ಇಷ್ಟು ಕೂಗಾಡುವ ನನ್ನ ಕಥೆ ಕೇಳಿ. ನನ್ನ ಮನೆಯವರು ನನಗಿಂತ ಹನ್ನೆರಡು ವರ್ಷ ದೊಡ್ಡವರು. ನನಗೆ ಆಗ ಇಪ್ಪತ್ತೊಂದು. ಅಂತರ ಜಾಸ್ತಿ ಅಂತ ಅಮ್ಮ ಅಳುತ್ತಿದ್ದಾಗ ಗಂಡಿನ ಕಡೆಯ ಹಿರಿಯರೊಬ್ಬರು, "ಇಬ್ಬರ ಗುರುವೂ ಒಂದೇ ರಾಶಿಯಲ್ಲಿದ್ದಾನೆ ತಾಯಿ, ಗುರುವೇ ಸೇರಿಸಿದ ಜೋಡಿ" ಅಂದರು. ಅಮ್ಮ ಕಣ್ಣೊರೆಸಿಕೊಂಡರು. ನಾನೂ ಎಷ್ಟೋ ವರ್ಷ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ, ಇಲ್ಲೇ ಒಂದು ವಾರ್ಷಿಕೋತ್ಸವಕ್ಕೆ ಬರೆದಿದ್ದೆ ಕೂಡ. ಅಜ್ಜ ಆ ದಿನ ಒಂದೂ ಮಾತಾಡಲಿಲ್ಲ. ಯಾಕೆ ಅಂತ ಆಮೇಲೆ ಹೊಳೀತು. ಗುರು ಒಂದು ಸುತ್ತಿಗೆ ಸುಮಾರು ಹನ್ನೆರಡು ವರ್ಷ ತೆಗೆದುಕೊಳ್ಳುತ್ತಾನೆ. ನನಗಿಂತ ಹನ್ನೆರಡು ವರ್ಷ ದೊಡ್ಡವರಾದ ಯಾರನ್ನೇ ತಂದು ನಿಲ್ಲಿಸಿದರೂ ಗುರು ಅದೇ ರಾಶಿಯಲ್ಲೋ ಪಕ್ಕದ್ದರಲ್ಲೋ ಸಿಗುತ್ತಾನೆ. ನಮ್ಮ ಬೀದಿಯ ಹಾಲಿನವರಿಗೂ ನನಗೂ ಗುರುವೇ ಸೇರಿಸಿದ ಜೋಡಿ! ಅಂತರವನ್ನೇ ತಿರುಗಿಸಿ ಯೋಗ ಅಂತ ಹೆಸರಿಟ್ಟಿದ್ದರು. ಸಂಸಾರ ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ. ಹೋದ ತಿಂಗಳಿಂದ ಅವರ ಮಂಡಿ ನೋವಿಗೆ ಎಣ್ಣೆ ತಿಕ್ಕುತ್ತಾ ಇದೆಲ್ಲ ಯೋಚಿಸೋಕೆ ಬೇಕಾದಷ್ಟು ಟೈಮ್ ಸಿಗುತ್ತಿದೆ.

ಹುಡುಗಿಯನ್ನು ಹಿತ್ತಲಿಗೆ ಕರೆದು, ನಿನಗೇನು ಅನ್ನಿಸುತ್ತೆ ಅಂತ ಕೇಳಿದೆ. "ಎಲ್ಲರೂ 33 ಅಂತಿದಾರಲ್ಲಕ್ಕ, ನಾನು ಹೇಗೆ ಬೇಡ ಅನ್ನಲಿ?" ಅಂದಳು. ಬೇಡ ಅಂತ ಇದೆಯಾ ಅಂದರೆ ಗೊತ್ತಿಲ್ಲ ಅಂದಳು. ಬಟ್ಟೆ ಒಣಹಾಕುತ್ತಿದ್ದವಳು ಒಂದೇ ಟವಲನ್ನು ಮೂರು ಸಲ ಕೊಡವಿದಳು.

ರಾತ್ರಿ ಎರಡು ದಶಾಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದು, 2034ರ ಸುತ್ತ ಕೆಂಪು ಗೆರೆ ಎಳೆದು ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡಿದೆ. ಇದನ್ನು ಜ್ಯೋತಿಷಿಗಳಿಗೆ ತೋರಿಸಿ, ಸಂಧಿ ಬಗ್ಗೆ ಕೇಳಿ ಅಂತ ಬರೆದೆ. ನೀಲಿ ಗೆರೆ ಕೂಡಲೇ ಬಿತ್ತು. ಉತ್ತರ ಇವತ್ತು ಬೆಳಗ್ಗೆ ಬಂತು.

"ನಿಶ್ಚಿತಾರ್ಥಕ್ಕೆ ಎರಡು ದಿನ ಮುಂಚೆ ಬಾ. ಹೋಳಿಗೆ ನೀನೇ ಮಾಡಬೇಕು."

ಗೆಳೆಯರಲ್ಲಿ ಪಂಚಾಂಗ ಬಲ್ಲವರಿದ್ದೀರಿ. ಸಂಧಿಗೆ ನೀವು ಎಷ್ಟು ತಿಂಗಳು ಹಿಡಿಯುತ್ತೀರಿ ಅಂತ ಕಾಮೆಂಟಿನಲ್ಲಿ ಬರೆಯಿರಿ. ಹೋಳಿಗೆಗೆ ಬೇಳೆ ನೆನೆಹಾಕುವುದರೊಳಗೆ ಬೇಕು.