ಬೇಡ ಅಂದರೆ ಲೋಡು ರೆಡಿ

ನಮ್ಮ ಶಿರಸಿ ಕಡೆ ‘ಬೇಡ’ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ‘ಅಡ್ಡಿಲ್ಲೆ, ನೋಡನ’ ಅಂದರೆ ಮುಗಿಯಿತು. ಕೇಳಿದವರು ಕವಳದ ತಟ್ಟೆ ಆಚೆ ಸರಿಸಿ, ಚಪ್ಪಲಿ ಹುಡುಕಿಕೊಂಡು ಹೊರಡುತ್ತಾರೆ. ಹೀಗೆ ನಲವತ್ತೆಂಟು ವರ್ಷ ಬದುಕಿದವನನ್ನು ಒಂದು ಕೋಕಂ ಸಿರಪ್ ತಯಾರಿಸುವ ಘಟಕದಲ್ಲಿ ಪರ್ಚೇಸ್ ಮ್ಯಾನೇಜರ್ ಮಾಡಿ, ಇಂಗ್ಲಿಷಿನಲ್ಲಿ ಬೇಡ ಅನ್ನು ಎಂದರೆ ಏನಾಗಬೇಕೋ ಅದೇ ಆಯಿತು.

ಕೋಕಂ ಅಂದರೆ ನಮ್ಮ ಮುರುಗಲು, ಅದು ಹಣ್ಣಾಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಅಷ್ಟರೊಳಗೆ ಬಾಟಲಿ, ಮುಚ್ಚಳ, ಲೇಬಲ್, ರಟ್ಟಿನ ಪೆಟ್ಟಿಗೆ ಎಲ್ಲ ಬಂದು ಕೂತಿರಬೇಕು. ಹನ್ನೆರಡು ಬಾಟಲಿ ಹಿಡಿಯುವ ಐದು ಪದರದ ಪೆಟ್ಟಿಗೆ, 5,000 ಬೇಕಿತ್ತು. ಹುಬ್ಬಳ್ಳಿಯ ಸಪ್ಲಾಯರ್ ಮೊದಲು ಕೊಟ್ಟ ಕೊಟೇಶನ್ನಿನಲ್ಲಿ ಪೆಟ್ಟಿಗೆಗೆ 31 ರೂಪಾಯಿ, ಮಾಲು ನಮ್ಮ ಗೋಡೌನಿಗೆ ಮುಟ್ಟಿಸಿ. ಸ್ವಲ್ಪ ಇಳಿಸಿ ಎಂದೆ. ಎರಡು ದಿನಕ್ಕೆ ರಿವೈಸ್ಡ್ ಕೊಟೇಶನ್ ಬಂತು: 29 ರೂಪಾಯಿ 50 ಪೈಸೆ. ಒಂದೂವರೆ ರೂಪಾಯಿ ಇಳಿಸಿದ ಸಾಹಸಕ್ಕೆ ನನಗೆ ನಾನೇ ಒಂದು ಚಾ ಹೆಚ್ಚಿಗೆ ಕುಡಿಸಿಕೊಂಡೆ.

ಚಾ ಕುಡಿಯುತ್ತ ಕೆಳಗಿನ ಸಣ್ಣ ಅಕ್ಷರ ಓದಿದೆ. ‘ಎಕ್ಸ್ ವರ್ಕ್ಸ್’ ಅಂತಿತ್ತು. ಅಂದರೆ ಮಾಲು ಅವರ ಫ್ಯಾಕ್ಟರಿ ಬಾಗಿಲಲ್ಲಿ ನಮ್ಮದು, ಅಲ್ಲಿಂದ ಶಿರಸಿಗೆ ತರುವುದು ನಮ್ಮ ಕರ್ಮ. ಕೊಟೇಶನ್ ಹಿಂದುಗಡೆಯೇ ಲೆಕ್ಕ ಹಾಕಿದೆ. 5,000 ಪೆಟ್ಟಿಗೆಗೆ 1,47,500. ಲಾರಿ ಬಾಡಿಗೆ 9,000, ಏರಿಸಿ ಇಳಿಸುವ ಹಮಾಲಿ 2,500. ಒಟ್ಟು 1,59,000. ಐದು ಸಾವಿರದಿಂದ ಭಾಗಿಸಿದರೆ ಪೆಟ್ಟಿಗೆಗೆ 31 ರೂಪಾಯಿ 80 ಪೈಸೆ. ಇಳಿದ ರೇಟು ಹಳೆಯದಕ್ಕಿಂತ 80 ಪೈಸೆ ಮೇಲೆ ಹತ್ತಿ ಕೂತಿತ್ತು.

ಅಷ್ಟೇ ಆಗಿದ್ದರೆ ವ್ಯಾಪಾರ ಅನ್ನಬಹುದಿತ್ತು. ಅವರು ಕಳಿಸಿದ ಹೊಸ ಸ್ಯಾಂಪಲ್ ಕೈಗೆತ್ತಿಕೊಂಡರೆ ಯಾಕೋ ಹಗುರ. ಹಳೆಯ ಪೆಟ್ಟಿಗೆಯೊಂದನ್ನು ತಂದು ಎರಡನ್ನೂ ತಕ್ಕಡಿಗೆ ಹಾಕಿದೆ. ಹಳೆಯದು 600 ಗ್ರಾಂ, ಹೊಸದು 500. ಕೊಟೇಶನ್ನಿನಲ್ಲಿ 180 ಜಿಎಸ್‌ಎಂ ಇದ್ದ ಕಾಗದ ಸದ್ದಿಲ್ಲದೆ 150 ಆಗಿತ್ತು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಐದೂ ಪದರದಲ್ಲಿ ಅದು ಇಳಿದರೆ ತಕ್ಕಡಿ ಸುಳ್ಳು ಹೇಳುವುದಿಲ್ಲ. ರೇಟು ನೂರಕ್ಕೆ ಐದರಷ್ಟು ಇಳಿದಿತ್ತು, ಕಾಗದ ಆರರಲ್ಲಿ ಒಂದು ಪಾಲು. ಹುಬ್ಬಳ್ಳಿಯ ಒಣ ಹವೆಗೆ ಅದು ನಡೆದೀತು. ನಮ್ಮ ಜುಲೈ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ರಟ್ಟು ತೇವ ಕುಡಿದು ಮೆತ್ತಗಾದರೆ ಒಂದರ ಮೇಲೊಂದು ಆರು ಪೆಟ್ಟಿಗೆ ಪೇರಿಸಿಟ್ಟಲ್ಲಿ ಅಡಿಯದು ಹಪ್ಪಳವಾಗುತ್ತದೆ. ಒಮ್ಮೆ ಆಗಿದೆ. ಗೋಡೌನಿನ ನೆಲ ಮೂರು ದಿನ ಕೆಂಪಗಿತ್ತು, ಇರುವೆಗಳಿಗೆ ತೇರು.

ಯಜಮಾನರಿಗೆ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತ, “ಬ್ಯಾಡ ಹೇಳಿ ಬರಿ ಮಾರಾಯ. ಆದ್ರೆ ಅಂವಂಗೆ ಬೇಜಾರು ಮಾಡಲಾಗ. ಮುಂದಿನ ವರ್ಷಕ್ಕೆ ಬೇಕು” ಎಂದರು. ನಾನು ಡೈರಿಯಲ್ಲಿ ಪಾಯಿಂಟು ಬರೆದುಕೊಂಡೆ: ‘ಗಾಡಿ ಬಾಡಿಗೆ ನಮ್ಮ ತಲೆಗೆ ಕಟ್ಟಿದ್ದು. ಕಾಗದ ತೆಳು ಮಾಡಿದ್ದು. ಹೀಗೆಲ್ಲ ಮಾಡಬಾರದು. ಬೇಡ. ಆದರೆ ನಯವಾಗಿ.’

ಈ ಐದನ್ನು ಇಂಗ್ಲಿಷಿಗೆ ದಾಟಿಸಲು ಕೂತೆ. ಮೊದಲನೆಯದು ‘ಯು ಹ್ಯಾವ್ ಟೈಡ್ ವೆಹಿಕಲ್ ರೆಂಟ್ ಟು ಅವರ್ ಹೆಡ್’ ಎಂದು ಬಂತು. ನನಗೇ ತಲೆ ಭಾರವಾಗಿ ಅಳಿಸಿದೆ. ‘ಹೀಗೆಲ್ಲ ಮಾಡಬಾರದು’ ಇಂಗ್ಲಿಷಿನಲ್ಲಿ ಹೆಡ್‌ಮಾಸ್ತರು ಬೈದ ಹಾಗೆ ಕೇಳಿಸಿತು, ಅದೂ ಹೋಯಿತು. ಒಂದೊಂದೇ ಖಾರ ತೆಗೆಯುತ್ತ ಹೋದೆ. ಖಾಲಿ ಪುಟದ ಭಯಕ್ಕೆ ಹೋದ ವರ್ಷ ಆರ್ಡರ್ ಕೊಟ್ಟ ಇ-ಮೇಲನ್ನೇ ತೆರೆದು ಅದರ ಮೇಲೆ ತಿದ್ದುತ್ತಿದ್ದೆ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಗೆ ಉಳಿದದ್ದು ಇಷ್ಟು: ‘ವಿ ಆರ್ ಹ್ಯಾಪಿ ಟು ರಿಸೀವ್ ಯುವರ್ ರಿವೈಸ್ಡ್ ಕೊಟೇಶನ್. ದೇರ್ ಈಸ್ ಸಮ್ ಸ್ಮಾಲ್ ಡಿಫಿಕಲ್ಟಿ. ವಿ ವಿಲ್ ಸೀ.’

ಮನಸ್ಸಿನಲ್ಲೇ ಓದಿಕೊಂಡೆ. ಅಡ್ಡಿಲ್ಲೆ, ನೋಡನ. ಇದಕ್ಕಿಂತ ಖಡಾಖಂಡಿತವಾಗಿ ಬೇಡ ಅನ್ನುವುದು ಸಾಧ್ಯವೇ? ಕಳಿಸಿಬಿಟ್ಟೆ.

ಮರುದಿನ ಹತ್ತು ಗಂಟೆಗೆ ಫೋನು. “ಸರ, ನಿಮ್ ಮೇಲ್ ನೋಡೀನ್ರಿ, ಭಾಳ ಖುಷಿ ಆತ್ರಿ. ಪೇಪರ್ ತರಸೇವ್ರಿ, ಸೋಮವಾರ ಲೋಡ್ ರೆಡಿ. ಗಾಡಿ ನೀವ ಕಳಸ್ತೀರಲ್ರಿ?”

ನನ್ನ ಕೈಯಲ್ಲಿದ್ದ ಲೋಟ ಅಲುಗಿತು. “ನಾನು ಬೇಡ ಅಂದಿದ್ದೆನಲ್ಲ!”

“ಎಲ್ಲಿ ಅಂದೀರಿ ಸರ? ಅವೇಟಿಂಗ್ ಯುವರ್ ಅರ್ಲಿ ಡಿಸ್ಪ್ಯಾಚ್ ಅಂದೀರಲ್ರಿ.”

ಹೋದ ವರ್ಷದ ಇ-ಮೇಲಿನ ಕೊನೆಯ ಸಾಲು. ಅಳಿಸಲು ಮರೆತಿದ್ದೆ. ಅವರು ಓದಿದ್ದು ಅದೊಂದನ್ನೇ, ಜೊತೆಗೆ ‘ಹ್ಯಾಪಿ’.

ಪೇಪರ್ ಕತ್ತರಿಸಬೇಡಿ, ಸಂಜೆಯೊಳಗೆ ಸರಿಯಾದ ಮೇಲ್ ಕಳಿಸುತ್ತೇನೆ ಎಂದು ಬೇಡಿಕೊಂಡು ಫೋನಿಟ್ಟೆ. ಮನೆಗೆ ಹೋಗಿ ಬಿ.ಕಾಂ. ಓದುವ ಮಗಳಿಗೆ ತೋರಿಸಿದೆ. “ಅಪ್ಪಾ, ಇದ್ರಲ್ಲಿ ಬ್ಯಾಡ ಹೇಳಿ ಎಲ್ಲಿದ್ದು?” ಎಂದಳು. ಅವಳಿಗೆ 1872ರ ಕಾಂಟ್ರ್ಯಾಕ್ಟ್ ಆಕ್ಟ್ ಪರೀಕ್ಷೆಗೆ ಇತ್ತು. ಒಪ್ಪಿಗೆ ಅಂದರೆ ಷರತ್ತಿಲ್ಲದೆ ಪೂರ್ತಿ ಒಪ್ಪಬೇಕಂತೆ, ನನ್ನದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ, ಬರೀ ಮರ್ಯಾದೆಯಂತೆ. ಇನ್ನೊಂದು ತೊಡಕನ್ನೂ ಹೇಳಿದಳು. ಹೊಸ ಕೊಟೇಶನ್ನಿನ ತಲೆಯ ಮೇಲೇ ‘ಇದು ಹಿಂದಿನದನ್ನು ರದ್ದುಪಡಿಸುತ್ತದೆ’ ಎಂದು ಬರೆದಿದೆ. ಹಾಗಾಗಿ ಹೊಸದು ಬೇಡ ಎಂದ ಮಾತ್ರಕ್ಕೆ 31 ರೂಪಾಯಿಯ ಹಳೆಯದು ತಾನಾಗಿ ಎದ್ದು ಕೂರುವುದಿಲ್ಲ. ಅದು ಬೇಕಿದ್ದರೆ ಅವರಿಂದ ಮತ್ತೆ ಬರೆಸಿಕೊಳ್ಳಬೇಕು. ಕಾಲೇಜು ಫೀಸು ದಂಡವಾಗಲಿಲ್ಲ ಎಂದು ಮೊದಲ ಸಲ ಅನ್ನಿಸಿತು.

ಇಬ್ಬರೂ ಕೂತು ಹೊಸ ಹಾಳೆಯಲ್ಲಿ ಶುರು ಮಾಡಿದೆವು. ಸಬ್ಜೆಕ್ಟ್ ಸಾಲಿನಲ್ಲೇ ‘ರಿವೈಸ್ಡ್ ಕೊಟೇಶನ್, ನಾಟ್ ಅಕ್ಸೆಪ್ಟೆಡ್’ ಎಂದು ಹಾಕಿದಳು. ನನಗೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ ಹಾಗಾಯಿತು. “ಮೊದ್ಲು ಥ್ಯಾಂಕ್ಸ್ ಹೇಳನ” ಎಂದೆ. ಒಂದೇ ಥ್ಯಾಂಕ್ಸಿಗೆ ಒಪ್ಪಿದಳು. ಅದರ ಬೆನ್ನಿಗೇ: ‘ವಿ ರಿಗ್ರೆಟ್ ದಟ್ ವಿ ಆರ್ ಅನೇಬಲ್ ಟು ಅಕ್ಸೆಪ್ಟ್ ಇಟ್.’ ನೋಡಿ, ಈ ರಿಗ್ರೆಟ್ ಎಂಬುದು ಒಳ್ಳೆಯ ಶಬ್ದ. ಕೈ ಮುಗಿಯುತ್ತಲೇ ಬಾಗಿಲು ಹಾಕುತ್ತದೆ.

ಕಾರಣಕ್ಕೆ ಬಂದಾಗ ‘ನೀವು’ ಅನ್ನುವುದನ್ನೆಲ್ಲ ತೆಗೆದು ಲೆಕ್ಕವನ್ನೇ ಮಾತಾಡಲು ಬಿಟ್ಟೆವು. ಶಿರಸಿಗೆ ಮುಟ್ಟುವಾಗ ಪೆಟ್ಟಿಗೆಗೆ 31.80 ಬೀಳುತ್ತದೆ, ಮೊದಲು 31 ಇತ್ತು. ಸ್ಯಾಂಪಲ್ 500 ಗ್ರಾಂ ತೂಗಿತು, ಹಳೆಯದು 600. ತಲೆಗೆ ಕಟ್ಟಿದಿರಿ, ತೆಳು ಮಾಡಿದಿರಿ ಎಂಬ ಬೈಗುಳ ಎಲ್ಲೂ ಇಲ್ಲ, ಆದರೆ ಓದಿದವರಿಗೆ ನಾಟುತ್ತದೆ. ಹಿಂದಿನ ಮೇಲನ್ನು ಆರ್ಡರ್ ಎಂದು ತಿಳಿಯಬಾರದು, ಅದರಿಂದಾದ ಗೊಂದಲಕ್ಕೆ ಕ್ಷಮಿಸಿ ಎಂದು ಒಂದು ಸಾಲು. ಕೊನೆಗೆ, 31 ರೂಪಾಯಿ, 180 ಜಿಎಸ್‌ಎಂ, ಶಿರಸಿ ಗೋಡೌನಿಗೆ ಮುಟ್ಟಿಸಿ, ಈ ಮೂರನ್ನೂ ಶುಕ್ರವಾರದೊಳಗೆ ಬರೆದು ಕಳಿಸಿದರೆ ಪರಿಶೀಲಿಸುತ್ತೇವೆ ಎಂದೆವು. ‘ಆರ್ಡರ್ ಕೊಡುತ್ತೇವೆ’ ಎಂದು ಬರೆಯಹೊರಟ ನನ್ನ ಕೈಗೆ ಮಗಳು ಪೆನ್ಸಿಲಿನಿಂದ ಕುಟ್ಟಿದಳು.

ಕಳಿಸಿದ ಹತ್ತು ನಿಮಿಷಕ್ಕೆ ಉತ್ತರ ಬಂತು: ‘ನೋಟೆಡ್ ಸರ್. ವಿ ವಿಲ್ ಸೀ.’

ಇದು ಯಾವ ಊರಿನ ನೋಡೋಣ ಎಂದು ನನಗಿನ್ನೂ ಹೊಳೆದಿಲ್ಲ. ಇವತ್ತು ಗುರುವಾರ. ಅಟ್ಟದ ಮೇಲೆ ಹೋದ ವರ್ಷದ ಪೆಟ್ಟಿಗೆ ಎಷ್ಟು ಉಳಿದಿವೆ ಎಂದು ಎಣಿಸಿ ಬಂದೆ. 340 ಇವೆ, ಅದರಲ್ಲಿ ಹನ್ನೊಂದರಲ್ಲಿ ಬೆಕ್ಕು ಮರಿ ಹಾಕಿದೆಯೋ ಏನೋ, ಒಳಗೆ ಕೈ ಹಾಕಲಿಲ್ಲ.